ಟೀ ಶರ್ಟಿನ ತೂಕ, ಹೆಣಿಗೆ ಮತ್ತು ಕುತ್ತಿಗೆ ಪಟ್ಟಿ

ಆನ್‌ಲೈನ್ ಅಂಗಡಿಗಳಲ್ಲಿ ಈಗ ಟೀ ಶರ್ಟಿನ ಚಿತ್ರದ ಕೆಳಗೆ 180 ಜಿಎಸ್‌ಎಂ, 240 ಜಿಎಸ್‌ಎಂ ಎಂದು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ತಿರುಪ್ಪೂರಿನಂಥ ಊರಿನ ಹೊಸೈರಿ ಕಾರ್ಖಾನೆಗಳಲ್ಲಿ ಇದನ್ನು ಅಳೆಯಲು ದುಂಡಗಿನ ಕಟರ್ ಇಟ್ಟಿರುತ್ತಾರೆ. ಬಟ್ಟೆಯ ಮೇಲಿಟ್ಟು ಒತ್ತಿ ತಿರುಗಿಸಿದರೆ 100 ಚದರ ಸೆಂಟಿಮೀಟರ್‌ನ ಬಿಲ್ಲೆಯೊಂದು ಕತ್ತರಿಸಿ ಬರುತ್ತದೆ. ಅದರ ತೂಕವನ್ನು ನೂರರಿಂದ ಗುಣಿಸಿದರೆ ಆಯಿತು: ಬಿಲ್ಲೆ 1.8 ಗ್ರಾಂ ಇದ್ದರೆ ಬಟ್ಟೆ 180 ಜಿಎಸ್‌ಎಂ.

ಮಾಮೂಲಿ ಟೀ ಶರ್ಟುಗಳು 140ರಿಂದ 220ರ ಒಳಗಿರುತ್ತವೆ. 140ರದ್ದು ತೆಳು, ಬೆಳಕಿಗೆ ಹಿಡಿದರೆ ಕೈ ಕಾಣುತ್ತದೆ. 160ರಿಂದ 190 ದಿನಬಳಕೆಗೆ ಹದ. 220 ದಾಟಿದ ಮೇಲೆ ಮೈಮೇಲೆ ಭಾರ ಗೊತ್ತಾಗುತ್ತದೆ. ಕಲಬುರಗಿಯ ಏಪ್ರಿಲ್‌ನಲ್ಲಿ ಅದನ್ನು ಹಾಕಿಕೊಂಡು ತಿರುಗುವುದು ಶಿಕ್ಷೆಯೇ ಸರಿ.

ಮಾರುವವರು ಹೇಳಿದ ಸಂಖ್ಯೆ ನಿಜವೇ ಎಂದು ನೋಡಲು ಶರ್ಟನ್ನು ಕತ್ತರಿಸಬೇಕಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಟೇಪು ಸಾಕು. ಒಂದು ಮೀಡಿಯಂ ಶರ್ಟನ್ನು ಮೇಜಿನ ಮೇಲೆ ಹರಡಿ ಅಳೆದೆವು ಎನ್ನಿ. ಎದೆಯ ಅಗಲ 52 ಸೆಂ.ಮೀ., ಭುಜದಿಂದ ಕೆಳ ಅಂಚಿನವರೆಗೆ 70 ಸೆಂ.ಮೀ. ಮುಂಭಾಗ, ಹಿಂಭಾಗ ಸೇರಿ 7,280 ಚದರ ಸೆಂ.ಮೀ. ತೋಳು ಸರಾಸರಿ 18 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದ, ಎರಡು ತೋಳು, ಎರಡೆರಡು ಪದರ ಎಂದರೆ 1,440. ಒಟ್ಟು 8,720, ಅಂದರೆ ಸುಮಾರು 0.87 ಚದರ ಮೀಟರ್. ಕುತ್ತಿಗೆ ಮತ್ತು ಕಂಕುಳಲ್ಲಿ ಕತ್ತರಿಸಿ ಹೋದ ಬಟ್ಟೆಯೂ ಅಂಚಿನಲ್ಲಿ ಮಡಿಚಿ ಹೊಲಿದ ಬಟ್ಟೆಯೂ ಹೆಚ್ಚುಕಡಿಮೆ ಸರಿದೂಗುವುದರಿಂದ ಅವನ್ನು ಬಿಟ್ಟುಬಿಡಬಹುದು. ತಕ್ಕಡಿ 148 ಗ್ರಾಂ ತೋರಿಸಿತು. ಕುತ್ತಿಗೆ ಪಟ್ಟಿ, ಲೇಬಲ್, ದಾರಕ್ಕೆಂದು 8 ಗ್ರಾಂ ಕಳೆದರೆ 140. ಅದನ್ನು 0.87ರಿಂದ ಭಾಗಿಸಿದರೆ 161 ಬರುತ್ತದೆ. ಆ ಶರ್ಟಿನ ಮೇಲೆ 180 ಎಂದು ಬರೆದಿದ್ದರೆ ನಂಬಬೇಕಾಗಿಲ್ಲ. ಐದು ಹತ್ತು ಅಂಕಿ ಆಚೀಚೆಯಾದರೆ ಮಾತ್ರ ತಕರಾರು ಬೇಡ: ಹತ್ತಿ ಗಾಳಿಯ ತೇವ ಹೀರುವ ವಸ್ತು, ಮಳೆಗಾಲದಲ್ಲಿ ಅದೇ ಶರ್ಟು ಕೆಲವು ಗ್ರಾಂ ಹೆಚ್ಚೇ ತೂಗುತ್ತದೆ.

ಇಷ್ಟೆಲ್ಲ ಅಳೆದರೂ ಜಿಎಸ್‌ಎಂ ಹೇಳುವುದು ಅಲ್ಲಿ ಎಷ್ಟು ಹತ್ತಿ ಇದೆ ಎಂಬುದನ್ನು ಮಾತ್ರ. ಆ ಹತ್ತಿ ಎಂಥದ್ದು, ಅದನ್ನು ಹೇಗೆ ಹೆಣೆದಿದ್ದಾರೆ ಎಂಬುದನ್ನು ಅದು ಹೇಳುವುದಿಲ್ಲ. ಸಣ್ಣ ನೂಲನ್ನು ಒತ್ತಾಗಿ ಹೆಣೆದರೂ 180 ಬರುತ್ತದೆ, ದಪ್ಪ ನೂಲನ್ನು ಸಡಿಲವಾಗಿ ಹೆಣೆದರೂ 180 ಬರುತ್ತದೆ. ಇಬ್ಬರ ಶರ್ಟಿನ ತೂಕ ಒಂದೇ ಇದ್ದು, ಒಬ್ಬರದು ಎರಡು ವರ್ಷ ನಿಂತು ಇನ್ನೊಬ್ಬರದು ಎರಡೇ ತಿಂಗಳಲ್ಲಿ ಮೈತುಂಬ ಉಂಡೆ ಎಬ್ಬಿಸಿಕೊಳ್ಳುವುದು ಇದರಿಂದಲೇ.

ಆ ಉಂಡೆ ಹುಟ್ಟುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಇದನ್ನು ಉದ್ಯಮದಲ್ಲಿ ಪಿಲ್ಲಿಂಗ್ ಎನ್ನುತ್ತಾರೆ. ಟೀ ಶರ್ಟು ಅಂಗಿಯ ಬಟ್ಟೆಯಂತೆ ನೇಯ್ದದ್ದಲ್ಲ, ಹೆಣೆದದ್ದು. ಒಂದೇ ನೂಲು ಕುಣಿಕೆಯೊಳಗೆ ಕುಣಿಕೆ ಹಾಕುತ್ತಾ ಸಾಗಿರುತ್ತದೆ. ಭೂತಗನ್ನಡಿ ಹಿಡಿದರೆ ಹೊರಮೈಯಲ್ಲಿ ಸಾಲು ಸಾಲಾಗಿ ಇಂಗ್ಲಿಷಿನ ವಿ ಆಕಾರ ಕಾಣುತ್ತದೆ, ಒಳಮೈಯಲ್ಲಿ ಅರ್ಧಚಂದ್ರದ ಸಾಲು. ಇದು ಸಿಂಗಲ್ ಜೆರ್ಸಿ. ನಾವು ಕೊಳ್ಳುವ ಬಹುಪಾಲು ಟೀ ಶರ್ಟುಗಳು ಇದೇ. ಆ ನೂಲೇನೂ ಅಖಂಡ ತಂತಿಯಲ್ಲ. ಮೂರು ಸೆಂಟಿಮೀಟರಿನ ಆಸುಪಾಸಿನ ಹತ್ತಿ ಎಳೆಗಳನ್ನು ಹುರಿಗೊಳಿಸಿ ಮಾಡಿದ್ದು. ಎಳೆಗಳನ್ನು ಹಿಡಿದಿಟ್ಟಿರುವುದು ಆ ಹುರಿ ಮತ್ತು ಎಳೆಗಳ ನಡುವಿನ ಘರ್ಷಣೆ ಮಾತ್ರ.

ಬೆನ್ನಿನ ಮೇಲೆ ಬ್ಯಾಗು ಉಜ್ಜಿದಾಗ, ಸೊಂಟದಲ್ಲಿ ಬೆಲ್ಟಿನ ಬಕಲ್ ತಾಗಿದಾಗ, ವಾಷಿಂಗ್ ಮಷೀನಿನಲ್ಲಿ ಜೀನ್ಸಿನ ಜೊತೆ ತಿರುಗಿದಾಗ ಎಳೆಯ ತುದಿಗಳು ನೂಲಿನಿಂದ ಜಾರಿ ಹೊರಗೆ ಬರುತ್ತವೆ. ಬಟ್ಟೆಗೆ ಮೊದಲು ಬರುವುದು ಬರೀ ಜುಂಗು. ಉಜ್ಜುವುದು ಮುಂದುವರಿದಂತೆ ಆ ತುದಿಗಳು ಒಂದಕ್ಕೊಂದು ಸುತ್ತಿಕೊಂಡು ಗಂಟಾಗುತ್ತವೆ. ಗಂಟು ಬಟ್ಟೆಗೆ ಅಂಟಿಕೊಂಡಿರುವುದು ಇನ್ನೂ ನೂಲಿನೊಳಗೆ ಬೇರೂರಿರುವ ಒಂದಿಷ್ಟು ಎಳೆಗಳಿಂದ. ಅವು ತುಂಡಾದರೆ ಉಂಡೆ ಉದುರುತ್ತದೆ. ಹತ್ತಿಯ ಎಳೆ ಅಷ್ಟೇನೂ ಗಟ್ಟಿಯಲ್ಲ, ಹಾಗಾಗಿ ಶುದ್ಧ ಹತ್ತಿಯ ಶರ್ಟಿನಲ್ಲಿ ಬಹಳಷ್ಟು ಉಂಡೆ ಕಾಲಕ್ರಮದಲ್ಲಿ ತಾನೇ ಬಿದ್ದುಹೋಗುತ್ತದೆ. ಪಾಲಿಯೆಸ್ಟರ್ ಬೆರೆತರೆ ಕಥೆ ಬೇರೆ. ಅದರ ಎಳೆ ಸುಲಭಕ್ಕೆ ತುಂಡಾಗುವುದಿಲ್ಲ, ಉಂಡೆಯನ್ನು ಬಿಡುವುದೂ ಇಲ್ಲ. ‘ಕಾಟನ್ ರಿಚ್’ ಎಂಬ ಚಂದದ ಹೆಸರಿನ ಶರ್ಟುಗಳು ಹೆಚ್ಚು ಉಂಡೆಗಟ್ಟುವುದು ಇದರಿಂದ. ಒಂದೇ ಕಂಪನಿಯ ಒಂದೇ ಶರ್ಟಿನಲ್ಲೂ ಬೂದು ಮೆಲಾಂಜ್ ಬಣ್ಣದ್ದಕ್ಕೆ ಪಾಲಿಯೆಸ್ಟರ್ ಅಥವಾ ವಿಸ್ಕೋಸ್ ಬೆರೆಸಿರುವುದು ಸಾಮಾನ್ಯ. ಬಿಳಿಯದರ ಲೇಬಲ್ ಓದಿ ಬೂದು ಬಣ್ಣದ್ದನ್ನು ಬುಟ್ಟಿಗೆ ಹಾಕಬೇಡಿ.

ಹಾಗಾದರೆ ಎಳೆ ಜಾರದಂತೆ ತಡೆಯುವುದು ಯಾವುದು? ಮೊದಲನೆಯದು ಎಳೆಯ ಉದ್ದ. ಉದ್ದ ಎಳೆ ನೂಲಿನೊಳಗೆ ಹೆಚ್ಚು ದೂರ ಹಿಡಿತ ಸಾಧಿಸಿರುತ್ತದೆ, ತುದಿಗಳ ಸಂಖ್ಯೆಯೂ ಕಡಿಮೆ. ಧಾರವಾಡದಲ್ಲಿ ರೂಪುಗೊಂಡ ಡಿಸಿಎಚ್-32 ತಳಿಯ ಹತ್ತಿಗೆ ಗಿರಣಿಗಳಲ್ಲಿ ಬೆಲೆ ಹೆಚ್ಚಿರುವುದು ಅದರ ಎಳೆ ಮಾಮೂಲಿ ಹತ್ತಿಗಿಂತ ಉದ್ದವಿರುವುದಕ್ಕೇ. ಮಾಮೂಲಿ ಹತ್ತಿಯಲ್ಲೂ ಗಿಡ್ಡ ಎಳೆಗಳನ್ನು ಬಾಚಿ ತೆಗೆದುಹಾಕಬಹುದು. ಲೇಬಲ್ಲಿನಲ್ಲಿ ‘ಕೋಂಬ್ಡ್’ ಎಂದಿದ್ದರೆ ಅದೇ ಅರ್ಥ. ಬಾಚುವಾಗ ಆರರಲ್ಲೊಂದು ಪಾಲಿನಷ್ಟು ಹತ್ತಿ ಹೊರಹೋಗುವುದರಿಂದ ಆ ನೂಲು ದುಬಾರಿ. ಅಗ್ಗದ ಶರ್ಟು ‘ಕಾರ್ಡೆಡ್’ ನೂಲಿನದ್ದಾಗಿರುತ್ತದೆ.

ಎರಡನೆಯದು ಕುಣಿಕೆಯ ಬಿಗಿ. ಒತ್ತಾದ ಕುಣಿಕೆಯಲ್ಲಿ ನೂಲು ಅಲುಗಾಡುವುದಿಲ್ಲ, ಎಳೆ ಹೊರಬರಲು ಜಾಗವೂ ಇರುವುದಿಲ್ಲ. ಎರಡು ಶರ್ಟುಗಳನ್ನು ಬೆಳಕಿಗೆ ಹಿಡಿದು ನೋಡಿ: ತೂಕ ಒಂದೇ ಇದ್ದರೆ ಸಣ್ಣ, ಸಮನಾದ, ಹತ್ತಿರ ಹತ್ತಿರದ ಕುಣಿಕೆಗಳಿರುವುದನ್ನು ತೆಗೆದುಕೊಳ್ಳಿ. ಜೆರ್ಸಿಯ ಬದಲು ಇಂಟರ್‌ಲಾಕ್ ಹೆಣಿಗೆಯದ್ದೂ ಸಿಗುತ್ತದೆ: ಅದರ ಎರಡೂ ಮುಖ ಒಂದೇ ರೀತಿ ಕಾಣುತ್ತವೆ, ಕತ್ತರಿಸಿದ ಅಂಚು ಸುರುಳಿ ಸುತ್ತುವುದಿಲ್ಲ. ಅದು ಜೆರ್ಸಿಗಿಂತ ದಪ್ಪ, ನಯ, ಆಕಾರವನ್ನೂ ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಆದರೆ ನೂಲು ಹೆಚ್ಚು ಬೇಡುತ್ತದೆ, ಗಾಳಿಯಾಟ ಕಡಿಮೆ.

ಅಂಗಡಿಯಲ್ಲಿ ಕೈಯಾಡಿಸಿ ‘ಎಷ್ಟು ಮೆತ್ತಗಿದೆ’ ಎನ್ನುವುದು ಮಾತ್ರ ಮೋಸ ಹೋಗುವ ದಾರಿ. ಆ ನಯ ಸಿಲಿಕೋನ್ ಸಾಫ್ಟನರಿನದ್ದಿರಬಹುದು. ಒಗೆದಂತೆ ಅದು ಹೋಗುತ್ತದೆ. ಇರುವಷ್ಟು ದಿನ ಎಳೆಗಳ ನಡುವಿನ ಘರ್ಷಣೆ ತಗ್ಗಿಸಿ ಅವು ಜಾರಲು ನೆರವಾಗುತ್ತದೆ. ‘ಬಯೋ ವಾಷ್’ ಬೇರೆ ಸಂಗತಿ. ಅಲ್ಲಿ ಸೆಲ್ಯುಲೇಸ್ ಎಂಬ ಕಿಣ್ವ ಹೊರಚಾಚಿದ ಹತ್ತಿ ತುದಿಗಳನ್ನು ತಿಂದು ಹಾಕುತ್ತದೆ. ಅದರಿಂದ ಉಂಡೆ ನಿಜವಾಗಿ ಕಡಿಮೆಯಾಗುತ್ತದೆ, ಅತಿಯಾದರೆ ಬಟ್ಟೆಯ ಬಲವೂ ಕುಗ್ಗುತ್ತದೆ. ಕೈಗೆ ಎರಡೂ ಒಂದೇ ಥರ ಹಿತ. ಆದ್ದರಿಂದ ಕೆಳ ಅಂಚಿನ ಒಳಗೆ ಬಟ್ಟೆಯನ್ನು ಬಟ್ಟೆಗೇ ಹೆಬ್ಬೆರಳಿನಿಂದ ಹದಿನೈದಿಪ್ಪತ್ತು ಸಲ ಉಜ್ಜಿ ಓರೆಯಾಗಿ ನೋಡಿ. ಆಗಲೇ ಜುಂಗು ಎದ್ದರೆ ಮುಂದೆ ಉಂಡೆ ಖಾತ್ರಿ.

ಇನ್ನು ಕುತ್ತಿಗೆ. ಅದೇ 52 ಸೆಂ.ಮೀ. ಎದೆಯಗಲದ ಶರ್ಟಿನ ಕುತ್ತಿಗೆಯ ಸುತ್ತಳತೆ 52 ಸೆಂ.ಮೀ. ಇದೆ ಎಂದುಕೊಳ್ಳೋಣ. ಬಲ್ಲ ಟೈಲರ್ ಅದಕ್ಕೆ 52ರ ಪಟ್ಟಿ ಹಾಕುವುದಿಲ್ಲ. 44ರ ಹತ್ತಿರ ಕತ್ತರಿಸಿ, ಎಳೆದು ಹಿಡಿದು ಹೊಲಿಯುತ್ತಾನೆ. ಹೊಲಿಗೆ ಮುಗಿದ ಮೇಲೆ ಪಟ್ಟಿ ಒಳಕ್ಕೆ ಎಳೆದುಕೊಂಡು ಕೊರಳಿಗೆ ಚಪ್ಪಟೆಯಾಗಿ ಕೂರುತ್ತದೆ. ಉದ್ದ ಹೆಚ್ಚಾದರೆ ಹೊಸದರಲ್ಲೇ ಅಲೆಯಲೆಯಾಗಿ ಎದ್ದು ನಿಲ್ಲುತ್ತದೆ. ದೊಡ್ಡವರ ತಲೆಯ ಸುತ್ತಳತೆ 57 ಸೆಂ.ಮೀ. ಆಸುಪಾಸು. ಅಂದರೆ ಪ್ರತಿ ಸಲ ಹಾಕಿ ತೆಗೆಯುವಾಗ 44ರ ಪಟ್ಟಿ 57ರವರೆಗೆ, ಸುಮಾರು ಶೇ 30ರಷ್ಟು ಹಿಗ್ಗಿ ಮತ್ತೆ ಕುಗ್ಗಬೇಕು. ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು. ಕೂಸುಗಳ ಶರ್ಟಿಗೆ ಭುಜದಲ್ಲಿ ಗುಂಡಿ ಇಡುವುದು ಈ ಲೆಕ್ಕ ಕೂಡದ ಕಾರಣಕ್ಕೆ.

ಇಷ್ಟು ಹಿಗ್ಗುವ ಗುಣ ಹತ್ತಿಯ ಎಳೆಗಿಲ್ಲ, ಹೆಣಿಗೆಗಿದೆ. ಪಟ್ಟಿಗೆ ಬಳಸುವ ರಿಬ್ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆ ಮುಂದಕ್ಕೆ, ಪಕ್ಕದ ಸಾಲು ಹಿಂದಕ್ಕೆ ತಿರುಗಿರುತ್ತದೆ. ಸುಮ್ಮನಿದ್ದಾಗ ಹಿಂದಿನ ಸಾಲುಗಳು ಮುಂದಿನವುಗಳ ಮರೆಯಲ್ಲಿ ಅಡಗಿರುತ್ತವೆ, ಹಾರ್ಮೋನಿಯಂನ ತಿದಿಯ ಮಡಿಕೆಗಳಂತೆ. ಎಳೆದಾಗ ಅವು ಹೊರಬಂದು ಪಟ್ಟಿ ಅಗಲವಾಗುತ್ತದೆ, ಬಿಟ್ಟಾಗ ಮಡಚಿಕೊಳ್ಳುತ್ತದೆ. ಹಣ ಉಳಿಸಲು ಮೈಬಟ್ಟೆಯ ಜೆರ್ಸಿಯನ್ನೇ ಪಟ್ಟಿಗೂ ಹಾಕಿದ ಶರ್ಟುಗಳು ಬೇಗ ಜೋಲುವುದು ಈ ಮಡಿಕೆ ಅಲ್ಲಿ ಇಲ್ಲದ್ದರಿಂದ. ರಿಬ್ ಕೂಡ ನೂರಾರು ಸಲ ಎಳೆದ ಮೇಲೆ ಸೋಲುತ್ತದೆ. ಅದಕ್ಕೇ ಒಳ್ಳೆಯ ತಯಾರಕರು ರಿಬ್‌ಗೆ ಒಂದಿಷ್ಟು ಲೈಕ್ರಾ ಸೇರಿಸುತ್ತಾರೆ. ಲೇಬಲ್ಲಿನಲ್ಲಿ ಮೈಗೆ ನೂರಕ್ಕೆ ನೂರು ಹತ್ತಿ, ಪಟ್ಟಿಗೆ 95 ಹತ್ತಿ, 5 ಇಲಾಸ್ಟೇನ್ ಎಂದಿದ್ದರೆ ಅದು ಕಲಬೆರಕೆಯಲ್ಲ, ಕಾಳಜಿ.

ಪರೀಕ್ಷೆ ಸುಲಭ. ಪಟ್ಟಿಯ ಹತ್ತು ಸೆಂ.ಮೀ.ಯನ್ನು ಎರಡೂ ಕೈಯಲ್ಲಿ ಹಿಡಿದು ಹದಿಮೂರು ಹದಿನಾಲ್ಕಕ್ಕೆ ಎಳೆದು ಬಿಡಿ. ತಟ್ಟನೆ ಹಿಂದಕ್ಕೆ ಬರಬೇಕು. ಅಂಚು ಅಲೆಯಾಗಿ ಉಳಿದರೆ, ಎಳೆದಾಗ ದಾರ ಪಟ್ ಎಂದರೆ ಬೇಡ. ಪಟ್ಟಿಯ ಅಗಲ ಎರಡು ಸೆಂ.ಮೀ. ಇದ್ದರೆ ಒಳ್ಳೆಯದು, ಒಂದೇ ಸೆಂ.ಮೀ.ನದ್ದು ಬೇಗ ಮಡಚಿಕೊಳ್ಳುತ್ತದೆ. ಶರ್ಟನ್ನು ಒಳಹೊರಗು ಮಾಡಿ ಹಿಂಗುತ್ತಿಗೆ ನೋಡಿ: ಒಂದು ಭುಜದಿಂದ ಇನ್ನೊಂದಕ್ಕೆ ಟೇಪು ಹೊಲಿದಿದ್ದರೆ ಆ ಭಾಗ ಹಿಗ್ಗುವುದಿಲ್ಲ. ಬರೀ ಓವರ್‌ಲಾಕ್ ದಾರ ಕಂಡರೆ ಅಲ್ಲಿ ಖರ್ಚು ಉಳಿಸಿದ್ದಾರೆ.

ಒಳ್ಳೆಯ ಪಟ್ಟಿಯನ್ನೂ ಹಾಳು ಮಾಡುವುದು ಒಣಗಿಸುವ ರೀತಿ. ಹತ್ತಿಯ ಅಣುಗಳ ನಡುವಿನ ಹೈಡ್ರೋಜನ್ ಬಂಧಗಳು ನೀರಿನಲ್ಲಿ ಸಡಿಲಗೊಳ್ಳುತ್ತವೆ, ಒಣಗುವಾಗ ಆಗಿನ ಆಕಾರದಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ನೀರಿಳಿಯುವ ಭಾರದ ಶರ್ಟನ್ನು ಹ್ಯಾಂಗರಿಗೆ ಹಾಕಿದರೆ ಭಾರವೆಲ್ಲ ಭುಜ, ಕೊರಳಿಗೆ ಬಿದ್ದು ಅವು ಜೋತ ಆಕಾರದಲ್ಲೇ ಒಣಗುತ್ತವೆ. ಎದೆಯ ಮಟ್ಟದಲ್ಲಿ ತಂತಿಯ ಮೇಲೆ ಮಡಿಚಿ ಹಾಕುವುದೇ ಸರಿ. ಹ್ಯಾಂಗರು ಬೇಕೆಂದರೆ ಒಣಗಿದ ಮೇಲೆ, ಅದೂ ಕೊರಳಿನಿಂದ ತುರುಕದೆ ಕೆಳಗಿನಿಂದ ಸೇರಿಸಿ.

ಇದೇ ಗುಣದಿಂದ ಜೋತ ಪಟ್ಟಿಯನ್ನು ಒಂದಿಷ್ಟು ಹಿಂದಕ್ಕೂ ತರಬಹುದು. ಚೆನ್ನಾಗಿ ನೆನೆಸಿ, ಸಮತಟ್ಟಾಗಿ ಹರಡಿ, ಪಟ್ಟಿಯನ್ನು ಬೆರಳಿನಿಂದ ಒಳಕ್ಕೆ ದೂಡಿ ಮೊದಲಿನ ಅಳತೆಗೆ ತನ್ನಿ. ಇಸ್ತ್ರಿಯನ್ನು ತಾಗಿಸದೆ ಮೇಲಿಂದ ಹಬೆ ಕೊಟ್ಟು ಹಾಗೆಯೇ ಒಣಗಲು ಬಿಡಿ. ರಿಬ್ ಸೋತಿದ್ದರೆ ಹಲವು ಸಲ ಇದು ಕೆಲಸ ಮಾಡುತ್ತದೆ. ಕ್ಲೋರಿನ್ ಬ್ಲೀಚಿನಿಂದಲೋ ಡ್ರೈಯರಿನ ಅತಿ ಬಿಸಿಯಿಂದಲೋ ಒಳಗಿನ ಲೈಕ್ರಾ ತುಂಡಾಗಿದ್ದರೆ ಇಲ್ಲ. ಆಗ ಪಟ್ಟಿಯ ಮೇಲೆ ಕೂದಲಿಗಿಂತ ಸಣ್ಣ ಬಿಳಿ ತುದಿಗಳು ಇಣುಕುತ್ತವೆ, ಎಳೆದು ಬಿಟ್ಟರೆ ಎಳೆದಲ್ಲೇ ನಿಲ್ಲುತ್ತದೆ. ಅಂಥದ್ದಕ್ಕೆ ಹೊಸ ಪಟ್ಟಿ ಹೊಲಿಸುವುದೊಂದೇ ದಾರಿ. ಓವರ್‌ಲಾಕ್ ಯಂತ್ರವಿರುವ ಟೈಲರಿಗೆ ಅದು ಚಿಕ್ಕ ಕೆಲಸ, ರಿಬ್ ಬಟ್ಟೆಯನ್ನು ಮಾತ್ರ ನೀವೇ ಹುಡುಕಿ ಕೊಡಬೇಕಾಗಬಹುದು.