ಸಂಬಳದ ಚೀಟಿಯಲ್ಲೇ ಇದ್ದ ಪರಿಹಾರ

2009ರ ಅಮೆರಿಕ. ಹಿಂಜರಿತದಲ್ಲಿ ಒಬ್ಬ ಅವಿವಾಹಿತ ನೌಕರನ ಕೆಲಸದ ಗಂಟೆಗಳು ಕಡಿತವಾಗಿ, ತೆರಿಗೆಗೆ ಒಳಪಡುವ ವರಮಾನ 60,000 ಡಾಲರಿನಿಂದ 30,000ಕ್ಕೆ ಇಳಿಯಿತು ಎನ್ನಿ. 33,950ರ ಮೇಲಿನ ಪ್ರತಿ ಡಾಲರಿಗೆ 25 ಸೆಂಟ್ ತೆರಿಗೆಯಿತ್ತು. ಆ ಮೇಲ್ಪದರವೇ ಮಾಯ. ವರಮಾನ ಅರ್ಧವಾದರೆ, ತೆರಿಗೆ ಸುಮಾರು 11,190ರಿಂದ 4,080ಕ್ಕೆ, ಅರ್ಧಕ್ಕಿಂತ ಎಷ್ಟೋ ಕೆಳಗೆ ಕುಸಿಯಿತು. ಅವನು ಕಳೆದುಕೊಂಡದ್ದರಲ್ಲಿ 7,100 ಡಾಲರ್ ಸರ್ಕಾರವೇ ಹೊತ್ತಂತಾಯಿತು.

ಇದಕ್ಕೆ ಸಂಸತ್ತು ಸೇರಬೇಕಿಲ್ಲ. ತೆರಿಗೆ ಮುರಿದುಕೊಂಡು ಸಂಬಳ ಕೊಡುವ ಮಾಲೀಕ, ಸಂಬಳ ಇಳಿದಾಗಲೇ ಮುರಿಯುವುದನ್ನೂ ಇಳಿಸುತ್ತಾನೆ. ಉಳಿದ ದುಡ್ಡು ದಿನಸಿ ಅಂಗಡಿಗೆ ಹೋಗುತ್ತದೆ, ಅಲ್ಲಿನ ವ್ಯಾಪಾರ ಪೂರ್ತಿ ಬೀಳುವುದಿಲ್ಲ. ಅರ್ಥಶಾಸ್ತ್ರಜ್ಞರು ಇದನ್ನು ಸ್ವಯಂಚಾಲಿತ ಸ್ಥಿರಕಾರಿ ಎನ್ನುತ್ತಾರೆ. ಹೆಸರು ಭಾರ, ಕೆಲಸ ಸರಳ. ಆದರೆ ಮೊದಲೇ ಆದಾಯ ತೆರಿಗೆ ಕಟ್ಟದ ಬಡವನಿಗೆ ಈ ಮೆತ್ತೆ ಸಿಗದು. ಕೆಲಸ ಹೋದರೆ ಅವನಿಗೆ ನಿರುದ್ಯೋಗ ಭತ್ಯೆಯೇ ಗತಿ.