ರೀಸೆಟ್ ಒತ್ತಿದ ಮೇಲೂ ಸುಮ್ಮನಿರುವ ಮೋಟರ್

ಊರಿಗೆ ನೀರೆತ್ತುವ ಪಂಪ್‌ಹೌಸ್‌ನಲ್ಲಿ ಆರು ಮೋಟರ್‌ಗಳಿವೆ ಎಂದುಕೊಳ್ಳಿ. ಟ್ಯಾಂಕಿನ ನೀರು ಇಳಿದರೆ ಅವು ತಾವಾಗಿಯೇ ಓಡಬೇಕು, ಅದು ಆಟೋ. ರಿಪೇರಿಯ ದಿನ ಆಪರೇಟರ್ ಬಟನ್ ಒತ್ತಿದಾಗಷ್ಟೇ ಓಡಬೇಕು, ಅದು ಮ್ಯಾನುವಲ್. ಏನಾದರೂ ಕೆಟ್ಟರೆ ನಿಂತು, ಕೆಟ್ಟಿದೆ ಎಂದು ತಿಳಿಸಬೇಕು, ಅದು ಫಾಲ್ಟ್. ಇದೇ ಪ್ರೋಗ್ರಾಮನ್ನು ಪಿಎಲ್‌ಸಿಯಲ್ಲಿ ಆರು ಸಲ ನಕಲು ಮಾಡಿದರೆ, ಮುಂದೆ ಒಂದರಲ್ಲಿ ಸರಿಪಡಿಸಿದ ತಪ್ಪು ಉಳಿದ ಐದರಲ್ಲಿ ಹಾಗೇ ಇರುತ್ತದೆ.

ಇದಕ್ಕೆಂದೇ ಫಂಕ್ಷನ್ ಬ್ಲಾಕ್ ಇದೆ. 1993ರಲ್ಲಿ ಮೊದಲು ಪ್ರಕಟವಾದ, ಈಗ ಐಇಸಿ 61131-3 ಎನ್ನುವ ಮಾನದಂಡದಲ್ಲೇ ಅದಕ್ಕೆ ಜಾಗ ಸಿಕ್ಕಿದೆ. ಪ್ರೋಗ್ರಾಮ್ ಒಂದೇ, ಆದರೆ ಪ್ರತಿ ಮೋಟರ್‌ಗೂ ಅದರದೇ ನೆನಪು: ಮೂರನೆಯ ಪಂಪಿನ ಫಾಲ್ಟ್ ನಾಲ್ಕನೆಯದನ್ನು ನಿಲ್ಲಿಸುವುದಿಲ್ಲ.

ಆಟೋ, ಮ್ಯಾನುವಲ್ ಬರೆಯುವುದು ಸುಲಭ. ಬ್ಲಾಕಿನ ಯೋಗ್ಯತೆ ತಿಳಿಯುವುದು ಫಾಲ್ಟ್‌ನಲ್ಲಿ. ಪಿಎಲ್‌ಸಿ ‘ಓಡು’ ಎಂದ ಮಾತ್ರಕ್ಕೆ ಕಾಂಟ್ಯಾಕ್ಟರ್ ಎಳೆದುಕೊಂಡಿದೆ ಎಂದು ನಂಬುವಂತಿಲ್ಲ. ಅದರ ಸಹಾಯಕ ಕಾಂಟ್ಯಾಕ್ಟ್‌ನಿಂದ ಮರುಸಂಕೇತ ಬರಬೇಕು. ಇಲ್ಲಿ Run ಎಂದರೆ ಆಜ್ಞೆ, Fbk ಎಂದರೆ ಆ ಮರುಸಂಕೇತ, OL_OK ಎಂದರೆ ಓವರ್‌ಲೋಡ್ ರಿಲೇ ಟ್ರಿಪ್ ಆಗಿಲ್ಲವೆಂಬ ಸೂಚನೆ.

```
tmrOn(IN := Run AND NOT Fbk, PT := T#2S);
tOff(IN := Fbk AND NOT Run, PT := T#2S);
IF tmrOn.Q OR tOff.Q OR NOT OL_OK THEN
    Fault := TRUE;
END_IF;
```

ಎರಡನೆಯ ಸಾಲನ್ನು ಅನೇಕರು ಬರೆಯುವುದೇ ಇಲ್ಲ. ಕಾಂಟ್ಯಾಕ್ಟರ್‌ನ ತುದಿಗಳು ಬೆಸೆದುಕೊಂಡರೆ ಆಜ್ಞೆ ಹೋದರೂ ಮೋಟರ್ ಓಡುತ್ತಲೇ ಇರುತ್ತದೆ. ಆಗ ಪಿಎಲ್‌ಸಿ ಅದನ್ನು ನಿಲ್ಲಿಸಲಾರದು, ಎಚ್ಚರಿಕೆಯನ್ನಷ್ಟೇ ಕೊಡಬಲ್ಲದು. ರೀಸೆಟ್‌ನ ಸಾಲುಗಳು ಈ ತುಣುಕಿಗಿಂತ ಮೊದಲು ಬರಬೇಕು. ಆಗ ಓವರ್‌ಲೋಡ್ ಟ್ರಿಪ್ ಅಥವಾ ಬೆಸೆದ ತುದಿ ಹಾಗೇ ಉಳಿದಿದ್ದರೆ ಅಳಿಸಿದ ಫಾಲ್ಟ್ ಅದೇ ಸುತ್ತಿನಲ್ಲಿ ಮತ್ತೆ ಬರುತ್ತದೆ.

ಅಪಾಯ ಅಡಗಿರುವುದು ರೀಸೆಟ್‌ನಲ್ಲೇ. ಮೂರನೆಯ ಪಂಪು ಓವರ್‌ಲೋಡ್‌ನಿಂದ ನಿಂತಿತು. ಟ್ಯಾಂಕ್ ಇನ್ನೂ ಖಾಲಿ, ಹಾಗಾಗಿ ಆಟೋ ಆಜ್ಞೆ ಹಾಗೇ ಇದೆ. ಆಪರೇಟರ್ ರೀಸೆಟ್ ಒತ್ತುತ್ತಾನೆ. ಕಪ್ಲಿಂಗ್ ಬಳಿ ಯಾರೋ ಬಗ್ಗಿ ನೋಡುತ್ತಿದ್ದರೂ ಮೋಟರ್ ತಕ್ಷಣ ತಿರುಗುತ್ತದೆ. ಆದ್ದರಿಂದ ಫಾಲ್ಟ್ ಬಂದಾಗ ಓಡುವ ಅನುಮತಿಯನ್ನೇ ಕಳೆದುಬಿಡಬೇಕು. ಆಟೋದಲ್ಲಿ ಆಜ್ಞೆ ಒಮ್ಮೆ ಹೋಗಿ ಹೊಸದಾಗಿ ಬರುವವರೆಗೆ, ಮ್ಯಾನುವಲ್‌ನಲ್ಲಿ ಸ್ಟಾರ್ಟ್ ಬಟನ್ ಮತ್ತೆ ಒತ್ತುವವರೆಗೆ ಅದು ಮರಳಬಾರದು. ಎಮರ್ಜೆನ್ಸಿ ಸ್ಟಾಪ್ ಮಾತ್ರ ಈ ಬ್ಲಾಕಿನ ಕೆಲಸವಲ್ಲ; ಅದಕ್ಕೆ ಬೇರೆಯದೇ ಸುರಕ್ಷತಾ ಸರ್ಕಿಟ್ ಬೇಕು.

ಎರಡು ಸೆಕೆಂಡನ್ನು ಬ್ಲಾಕಿನೊಳಗೆ ಹುದುಗಿಸಬಾರದು, ಇನ್‌ಪುಟ್ ಆಗಿ ಕೊಡಬೇಕು. ಸಾಫ್ಟ್ ಸ್ಟಾರ್ಟರ್ ಹಾಕಿದ ಮೋಟರ್‌ನ ‘ಪೂರ್ತಿ ವೇಗ’ದ ಸಂಕೇತ ತಡವಾಗಿ ಬರುತ್ತದೆ, ಆಗ ಸುಳ್ಳು ಟ್ರಿಪ್ ಆಗುತ್ತದೆ. ಬ್ಲಾಕನ್ನು ಪರೀಕ್ಷಿಸುವ ದಾರಿ ಸರಳ: ಆಟೋ ಆಜ್ಞೆ ಇರುವಾಗಲೇ ಓವರ್‌ಲೋಡ್ ರಿಲೇಯ ಟೆಸ್ಟ್ ಬಟನ್ ಒತ್ತಿ ಮೋಟರ್ ನಿಲ್ಲಿಸಬೇಕು. ಬಳಿಕ ರಿಲೇಯನ್ನೂ ಬ್ಲಾಕನ್ನೂ ರೀಸೆಟ್ ಮಾಡಿ, ಕಾಂಟ್ಯಾಕ್ಟರ್ ಎಳೆದುಕೊಳ್ಳುತ್ತದೆಯೇ ಎಂದು ನೋಡಬೇಕು. ಎಳೆದುಕೊಂಡರೆ ಆ ಬ್ಲಾಕನ್ನು ಇನ್ನೊಂದು ಮೋಟರ್‌ಗೆ ಕೊಡುವಂತಿಲ್ಲ.