ಸಣ್ಣ ಸಂಸ್ಥೆಗಳ ರಜೆ ನಿಯಮಾವಳಿ

ರಜೆ ನಿಯಮಾವಳಿ ಎಂಬುದು ನೌಕರರಿಗೆ ದೊರೆಯುವ ರಜೆಗಳ ಬಗೆ, ಅವುಗಳನ್ನು ಮಂಜೂರು ಮಾಡುವ ಕ್ರಮ ಮತ್ತು ಉಳಿದ ರಜೆಯ ಲೆಕ್ಕವನ್ನು ನಿರೂಪಿಸುವ ಲಿಖಿತ ದಾಖಲೆ. ಕರ್ನಾಟಕದ ಅಂಗಡಿ ಹಾಗೂ ಖಾಸಗಿ ಕಚೇರಿಗಳಲ್ಲಿ ಇದರ ತಳಹದಿ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ. ನಿಯಮಾವಳಿಯು ಕಾನೂನಿಗಿಂತ ಉದಾರವಾಗಿರಬಹುದು. ಅದಕ್ಕಿಂತ ಕಡಿಮೆ ಕೊಡುವಂತಿಲ್ಲ.

ರಜೆಯ ಬಗೆಗಳು

ಈ ಅಧಿನಿಯಮದ 15ನೆಯ ಪ್ರಕರಣದಂತೆ ವಯಸ್ಕ ನೌಕರನು ದುಡಿದ ಪ್ರತಿ 20 ದಿನಗಳಿಗೆ ವೇತನಸಹಿತವಾದ ಒಂದು ದಿನದ ರಜೆಯನ್ನು ಗಳಿಸುತ್ತಾನೆ. ಇದನ್ನೇ ಗಳಿಕೆ ರಜೆ ಎನ್ನುವರು. ಇದರ ಜೊತೆಗೆ ಕಾಯಿಲೆ, ಅಪಘಾತ ಅಥವಾ ಬೇರಾವುದೇ ಸಮಂಜಸ ಕಾರಣಕ್ಕೆ ವರ್ಷಕ್ಕೆ 12 ದಿನಗಳವರೆಗೆ ವೇತನಸಹಿತ ರಜೆ ಉಂಟು. ಅನೇಕ ಸಂಸ್ಥೆಗಳು ಈ 12 ದಿನಗಳನ್ನೇ ಸಾಂದರ್ಭಿಕ ರಜೆ, ಅನಾರೋಗ್ಯ ರಜೆ ಎಂದು ಒಡೆದು ಕೊಡುತ್ತವೆ. ಸಣ್ಣ ಕಚೇರಿಗೆ ಈ ಒಡೆಯುವಿಕೆಯಿಂದ ಲೆಕ್ಕದ ಗೋಜಲಲ್ಲದೆ ಬೇರೆ ಪ್ರಯೋಜನ ಕಾಣದು.

ರಾಷ್ಟ್ರೀಯ ಮತ್ತು ಹಬ್ಬದ ರಜಾದಿನಗಳು ಇವುಗಳಿಂದ ಬೇರೆ. 1963ರ ರಾಜ್ಯ ಕಾನೂನು ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1ನ್ನು ಹೆಸರಿಸಿ, ಇನ್ನೈದು ಹಬ್ಬದ ದಿನಗಳನ್ನು ಸೇರಿಸುತ್ತದೆ. ಹೆರಿಗೆ ರಜೆಗೂ ಪ್ರತ್ಯೇಕ ಕಾನೂನಿದೆ. ಅದನ್ನು ಗಳಿಕೆ ರಜೆಯ ಖಾತೆಯಿಂದ ಕಳೆಯಬಾರದು.

ಮಂಜೂರಾತಿಯ ಕ್ರಮ

ಅರ್ಜಿಯನ್ನು ಯಾರಿಗೆ ಕೊಡಬೇಕು, ಎಷ್ಟು ದಿನ ಮೊದಲು ಕೊಡಬೇಕು, ಎಷ್ಟು ದಿನದೊಳಗೆ ಉತ್ತರ ಬರಬೇಕು ಎಂಬ ಮೂರನ್ನೂ ನಿಯಮಾವಳಿ ಹೇಳಬೇಕು. ಮೊದಲೆರಡನ್ನು ಎಲ್ಲರೂ ಬರೆಯುತ್ತಾರೆ, ಮೂರನೆಯದನ್ನು ಮರೆಯುತ್ತಾರೆ. ಹದಿನಾಲ್ಕು ಮಂದಿಯ ಕಚೇರಿಯಲ್ಲಿ ಮಂಜೂರು ಮಾಡುವವರು ಬಹುಮಟ್ಟಿಗೆ ಮಾಲೀಕರೇ. ಅವರು ಊರಲ್ಲಿಲ್ಲದಾಗ ಅರ್ಜಿ ಮೇಜಿನ ಮೇಲೆಯೇ ಉಳಿಯುತ್ತದೆ. ನೌಕರನು ಮೌನವನ್ನು ಒಪ್ಪಿಗೆಯೆಂದು ತಿಳಿದು ಊರಿಗೆ ಹೋದರೆ, ಮಾಲೀಕರು ಅದನ್ನು ಗೈರುಹಾಜರಿ ಎಂದು ಬರೆದುಕೊಳ್ಳುತ್ತಾರೆ. ಆದುದರಿಂದ ಬದಲಿ ಅಧಿಕಾರಿಯ ಹುದ್ದೆಯನ್ನು ಹೆಸರಿಸಿ, ಮೂರು ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ರಜೆ ಮಂಜೂರಾದಂತೆ ಎಂದು ಬರೆಯುವುದು ಲೇಸು. ಕಾಯಿಲೆಗೆ ಮುಂಚಿತ ಅರ್ಜಿ ಕೇಳಲಾಗದು. ಅಂದು ಬೆಳಿಗ್ಗೆ ತಿಳಿಸಿದರೆ ಸಾಕು, ಸತತ ಮೂರು ದಿನ ಮೀರಿದರೆ ಮಾತ್ರ ವೈದ್ಯರ ಪ್ರಮಾಣಪತ್ರ ತರಬೇಕು ಎಂಬುದು ರೂಢಿ.

ಉಳಿಕೆ ರಜೆ

ಬಳಸದ ಗಳಿಕೆ ರಜೆ ಮುಂದಿನ ವರ್ಷಕ್ಕೆ ಸಲ್ಲುತ್ತದೆ. ಮೊದಲು 30 ದಿನಗಳಿದ್ದ ಮಿತಿಯನ್ನು 2020ರ ತಿದ್ದುಪಡಿ 45ಕ್ಕೆ ಏರಿಸಿತು. ವಿವಾದ ಹುಟ್ಟುವುದು ಈ ಮಿತಿಯ ಅಂಚಿನಲ್ಲಿ.

ಒಬ್ಬ ಲೆಕ್ಕಿಗಳ ಖಾತೆಯಲ್ಲಿ ಜನವರಿ 1ರಂದು 38 ದಿನ ಇತ್ತೆನ್ನೋಣ. ಆ ವರ್ಷ ಆಕೆ 280 ದಿನ ದುಡಿದು 14 ದಿನ ಗಳಿಸಿದಳು, 3 ದಿನ ಬಳಸಿದಳು. ವರ್ಷಾಂತ್ಯದ ಬಾಕಿ 38 + 14 − 3, ಅಂದರೆ 49. ಮಿತಿ 45 ಆದ್ದರಿಂದ 4 ದಿನ ರದ್ದಾಗಬೇಕು. ಆದರೆ ಆಕೆ ಡಿಸೆಂಬರಿನಲ್ಲಿ 6 ದಿನ ಕೇಳಿದ್ದಳು. ಕೆಲಸದ ಒತ್ತಡವೆಂದು ಕಚೇರಿಯೇ ನಿರಾಕರಿಸಿತ್ತು. ರಜೆ ಕೊಟ್ಟಿದ್ದರೆ ಬಾಕಿ 43ಕ್ಕೆ ಇಳಿದು ಏನೂ ರದ್ದಾಗುತ್ತಿರಲಿಲ್ಲ. ಕೊಡದೆ ಇದ್ದವರ ತಪ್ಪಿಗೆ ಕೇಳಿದವಳು ದಂಡ ತೆತ್ತಂತಾಯಿತು.

1948ರ ಕಾರ್ಖಾನೆ ಕಾಯ್ದೆಯ 79ನೆಯ ಪ್ರಕರಣ ಇದಕ್ಕೆ ಪರಿಹಾರ ತೋರಿತ್ತು: ವಿಧಿವತ್ತಾಗಿ ಕೇಳಿ ನಿರಾಕರಿಸಲ್ಪಟ್ಟ ರಜೆಗೆ ಮಿತಿಯೇ ಇಲ್ಲ. ಅದೇ ತತ್ತ್ವವನ್ನು ಕಚೇರಿಯ ನಿಯಮಾವಳಿಯಲ್ಲಿ ಬರೆದರೆ, ಆ 6 ದಿನ ಪ್ರತ್ಯೇಕ ಅಂಕಣದಲ್ಲಿ ಉಳಿದು 43 ಮಾತ್ರ ಮಿತಿಗೆ ಒಳಪಡುತ್ತದೆ. 49 ದಿನವೂ ಉಳಿಯುತ್ತದೆ. ಇದಕ್ಕೆ ನಿರಾಕರಣೆ ದಿನಾಂಕ ಮತ್ತು ಕಾರಣ ಸಹಿತ ಲಿಖಿತವಾಗಿರಬೇಕು. ಬಾಯಿಮಾತಿನಲ್ಲಿ ‘ಆಮೇಲೆ ನೋಡೋಣ’ ಎಂದದ್ದು ವರ್ಷಾಂತ್ಯದಲ್ಲಿ ಯಾರಿಗೂ ನೆನಪಿರುವುದಿಲ್ಲ.

ವಿಶೇಷ ಸಂದರ್ಭಗಳು

ಶನಿವಾರ ಮತ್ತು ಸೋಮವಾರ ರಜೆ ಹಾಕಿದಾಗ ನಡುವಿನ ಭಾನುವಾರವನ್ನೂ ರಜೆಯೆಂದು ಎಣಿಸುವ ಪದ್ಧತಿ ಕೆಲವೆಡೆ ಇದೆ. ರಜೆಯ ನಡುವೆ ಅಥವಾ ಅಂಚಿನಲ್ಲಿ ಬರುವ ರಜಾದಿನಗಳನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಕಾರ್ಖಾನೆ ಕಾಯ್ದೆ ಹೇಳಿತ್ತು. ಕಚೇರಿಗಳೂ ಹಾಗೆಯೇ ನಡೆದುಕೊಳ್ಳುವುದು ನ್ಯಾಯ. ವರ್ಷದ ನಡುವೆ ಸೇರಿದವರಿಗೆ ಪ್ರತ್ಯೇಕ ಸೂತ್ರ ಬೇಕಿಲ್ಲ, ದುಡಿದ ದಿನಗಳ ಲೆಕ್ಕವೇ ಅದನ್ನು ಸರಿದೂಗಿಸುತ್ತದೆ. ಬಿಟ್ಟುಹೋಗುವವರ ಉಳಿದ ಗಳಿಕೆ ರಜೆಯನ್ನು ಯಾವ ವೇತನದ ಆಧಾರದಲ್ಲಿ ನಗದೀಕರಿಸಲಾಗುವುದು, ಮುಂಗಡವಾಗಿ ಪಡೆದ ರಜೆಯನ್ನು ಕೊನೆಯ ಸಂಬಳದಲ್ಲಿ ಹೇಗೆ ಹಿಡಿಯಲಾಗುವುದು ಎಂಬುದನ್ನು ಮುಂಗಡ ಕೊಡುವ ಮೊದಲೇ ಬರೆದಿಟ್ಟಿರಬೇಕು.